‘ಹೇಗಿದ್ದೀರಿ?’ ಮತ್ತು ‘ಎಂತ ತೊಂದರೆ?’: ಡಾಕ್ಟ್ರ ಕೋಣೆಯ ಮೊದಲ ಮಾತು

ಉಡುಪಿಯಲ್ಲೋ ಮಂಗಳೂರಿನಲ್ಲೋ ಒಂದು ಕ್ಲಿನಿಕ್ಕಿನ ಬಾಗಿಲು ತೆರೆಯುತ್ತದೆ. ಒಳಗೆ ಕೂತ ಡಾಕ್ಟ್ರು ‘ಹೇಗಿದ್ದೀರಿ?’ ಎನ್ನುತ್ತಾರೆ. ಬಂದವರು ‘ಹುಷಾರು ಡಾಕ್ಟ್ರೆ’ ಎನ್ನುತ್ತಾರೆ. ಹುಷಾರಿದ್ದರೆ ಟೋಕನ್ ಹಿಡಿದು ಎರಡು ಗಂಟೆ ಕಾಯುವ ಅಗತ್ಯ ಇರಲಿಲ್ಲ. ಆದರೂ ಅವರು ಸುಳ್ಳು ಹೇಳಿದ್ದಲ್ಲ. ಅವರ ಕಿವಿಗೆ ಬಿದ್ದದ್ದು ಕುಶಲ ಪ್ರಶ್ನೆ, ಅದಕ್ಕೆ ಕುಶಲದ ಉತ್ತರವನ್ನೇ ಕೊಟ್ಟರು. ಡಾಕ್ಟ್ರು ಅದೇ ಮಾತನ್ನು ‘ನಿಮ್ಮ ಕಾಯಿಲೆ ಏನು ಹೇಳಿ’ ಎಂಬ ಅರ್ಥದಲ್ಲಿ ಕೇಳಿದ್ದರೆ, ತಪಾಸಣೆ ಶುರುವಾಗುವ ಮೊದಲೇ ದಾರಿ ತಪ್ಪಿತು.

ಕುಶಲ ವಿಚಾರಿಸುವ ಮಾತಿಗೆ ಬೇರೆ ಯಾವ ಕೆಲಸವೂ ಇಲ್ಲ. ‘ನೀವು ಬಂದದ್ದು ನೋಡಿದೆ, ನಮ್ಮಲ್ಲಿ ಮಾತುಕತೆ ಉಂಟು’ ಎಂದು ತಿಳಿಸಿದರೆ ಅದರ ಕೆಲಸ ಮುಗಿಯಿತು. ಕೆಲಸ ಶುರು ಮಾಡುವ ಮಾತು ಮಾಹಿತಿ ಕೇಳುತ್ತದೆ, ಅದಕ್ಕೆ ಉದ್ದದ ಉತ್ತರ ಬರಬೇಕು. ರಸ್ತೆಯಲ್ಲಿ ಇವೆರಡು ಬೆರೆತರೆ ನಷ್ಟವಿಲ್ಲ. ಆಸ್ಪತ್ರೆಯಲ್ಲಿ ಬೆರೆತರೆ ಎದೆನೋವು ಹೇಳದೆ ಉಳಿಯಬಹುದು. ಈ ಬರಹ ಮುಖ್ಯವಾಗಿ ಕ್ಲಿನಿಕ್ಕಿನಲ್ಲಿ ಕೂರುವ ವೈದ್ಯರಿಗೆ, ವಾರ್ಡಿನ ನರ್ಸುಗಳಿಗೆ ಮತ್ತು ಹೊರಗಿನಿಂದ ಬಂದು ಮಣಿಪಾಲ, ಮಂಗಳೂರಿನಲ್ಲಿ ಕನ್ನಡ, ತುಳು ಕಲಿಯುತ್ತಿರುವ ವೈದ್ಯ ವಿದ್ಯಾರ್ಥಿಗಳಿಗೆ. ರೋಗಿಗಳಿಗೂ ಕೊನೆಯಲ್ಲಿ ಒಂದಷ್ಟು ಉಂಟು.

ಹಂತ 1: ಬಾಗಿಲ ಮಾತು ಬೇರೆ, ಕುರ್ಚಿಯ ಮಾತು ಬೇರೆ

ಒಂದೇ ‘ಹೇಗಿದ್ದೀರಿ?’ ಕುಶಲವೋ ಕೆಲಸವೋ ಎಂದು ಕೇಳುವವರು ಮೂರು ಗುರುತುಗಳಿಂದ ತಿಳಿದುಕೊಳ್ಳುತ್ತಾರೆ: ಅದು ಬಂದ ಹೊತ್ತು, ಹೇಳಿದವರ ಕಣ್ಣು ಇದ್ದ ಕಡೆ, ಮೈ ತಿರುಗಿದ್ದ ದಿಕ್ಕು. ಅಮೆರಿಕದ ಸಂವಹನ ಸಂಶೋಧಕ ಜೆಫ್ರಿ ರಾಬಿನ್ಸನ್ 1998ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ವೈದ್ಯರ ಭೇಟಿಯ ಮೊದಲ ಕ್ಷಣಗಳಲ್ಲಿ ಈ ಮೂರನ್ನೇ ನೋಡಿತ್ತು. ವೈದ್ಯರ ಕಣ್ಣು ಫೈಲಿನಲ್ಲಿ, ಕಾಲು ಮೇಜಿನ ಕಡೆ ಇರುವ ತನಕ ರೋಗಿ ಕೆಲಸ ಶುರುವಾಗಿದೆ ಎಂದು ತಿಳಿಯುವುದಿಲ್ಲ. ಮೈ ಪೂರ್ತಿ ತನ್ನ ಕಡೆ ತಿರುಗಿದಾಗ ತಿಳಿಯುತ್ತಾರೆ.

ಆದ್ದರಿಂದ ಎರಡು ಮಾತುಗಳನ್ನು ಜಾಗದಿಂದಲೇ ಬೇರ್ಪಡಿಸಿ. ರೋಗಿ ಬಾಗಿಲಿನಿಂದ ಕುರ್ಚಿಗೆ ಬರುವಷ್ಟು ಹೊತ್ತು ಕುಶಲದ್ದು: ‘ನಮಸ್ಕಾರ, ಬನ್ನಿ ಅಮ್ಮ, ಕೂತುಕೊಳ್ಳಿ. ಮಳೆ ಸಿಕ್ಕಿತಾ ದಾರಿಯಲ್ಲಿ?’ ಅವರು ಕೂತು, ಚೀಲ ಕೆಳಗಿಟ್ಟು, ಛತ್ರಿಗೆ ಜಾಗ ಹುಡುಕಿ ಆಗಲಿ. ಆಮೇಲೆ ನೀವು ಪೆನ್ನು ಕೆಳಗಿಡಿ, ಕುರ್ಚಿ ಅವರ ಕಡೆ ತಿರುಗಿಸಿ, ಒಂದು ಉಸಿರಿನಷ್ಟು ಸುಮ್ಮನಿದ್ದು ಎರಡನೆಯ ಪ್ರಶ್ನೆ ಕೇಳಿ. ಆ ಸಣ್ಣ ಮೌನ ಇಲ್ಲದಿದ್ದರೆ ಎರಡನೆಯ ಪ್ರಶ್ನೆಯೂ ಮೊದಲನೆಯದರ ಬಾಲ ಎನಿಸಿ ‘ಹಾಂ ಹಾಂ, ಸೌಖ್ಯ’ ಎಂಬ ಉತ್ತರವೇ ಬರುತ್ತದೆ.

ಬಾಗಿಲಲ್ಲಿ ಬಂದ ‘ಹುಷಾರು’ ಕೇಸ್ ಶೀಟಿಗೆ ಹೋಗಬಾರದು. ‘ರೋಗಿಗೆ ಯಾವ ತೊಂದರೆಯೂ ಇಲ್ಲ’ ಎಂದು ಬರೆದರೆ ಮುಂದಿನ ಸಲ ನೋಡುವ ವೈದ್ಯರು ಅದನ್ನು ನಂಬುತ್ತಾರೆ. ಆದರೆ ಆ ಉತ್ತರದ ದನಿಯನ್ನು ಕೇಳಿಸಿಕೊಳ್ಳಿ. ಕರಾವಳಿಯಲ್ಲಿ ನಿಜಕ್ಕೂ ಚೆನ್ನಾಗಿರುವವರು ‘ಹುಷಾರು’, ‘ಸೌಖ್ಯ’ ಎಂದು ಥಟ್ಟನೆ ಹೇಳಿ ‘ನೀವು?’ ಎಂದು ತಿರುಗಿ ಕೇಳುತ್ತಾರೆ. ಏನೋ ಇದ್ದವರು ಉತ್ತರವನ್ನು ಒಂದು ಮೆಟ್ಟಿಲು ಕೆಳಗಿಳಿಸುತ್ತಾರೆ: ‘ಹೀಗೆ ಉಂಟು’, ‘ನಡೀತದೆ’, ‘ಎಂತ ಮಾಡುವುದು ಡಾಕ್ಟ್ರೆ’. ಇದು ಬಾಗಿಲು ತಟ್ಟಿದ ಹಾಗೆ. ಅಲ್ಲೇ, ಇನ್ನೂ ನಿಂತಿರುವಾಗಲೇ, ಅವರನ್ನು ಕೆದಕಬೇಡಿ. ಹೊರಗೆ ಕಾಯುವವರ ಕಿವಿಗೆ ಬೀಳುವ ಜಾಗ ಅದು. ನೆನಪಿಟ್ಟುಕೊಂಡು, ಕೂತ ಮೇಲೆ ‘ಹೀಗೆ ಉಂಟು ಅಂದ್ರಲ್ಲ, ಹೇಳಿ’ ಎನ್ನಿ. ಕೆಲಸ ಶುರು ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಸಿಗುವುದು ಕಷ್ಟ.

ಹಂತ 2: ಬಾಯಿ ತೆರೆಯುವ ಮೊದಲು ಫೈಲು ನೋಡಿ

ಕೆಲಸ ಶುರು ಮಾಡುವ ಪ್ರಶ್ನೆ ಎಲ್ಲರಿಗೂ ಒಂದೇ ಅಲ್ಲ. ಜನ ಮೂರು ಕಾರಣಗಳಿಗೆ ಬರುತ್ತಾರೆ, ಮೂರಕ್ಕೂ ಬೇರೆ ಬೇರೆ ಪ್ರಶ್ನೆ ಬೇಕು.

ಹೊಸ ತೊಂದರೆಗೆ ಬಂದವರಿಗೆ ‘ಹೇಳಿ, ಎಂತ ತೊಂದರೆ ಆಗ್ತಾ ಉಂಟು?’ ಸಾಕು. ಹೋದ ವಾರ ಔಷಧ ಕೊಟ್ಟು ಮತ್ತೆ ಬರಲು ಹೇಳಿದವರಿಗೆ ಆ ತೊಂದರೆಯ ಹೆಸರು ಹಿಡಿದೇ ಕೇಳಬೇಕು: ‘ಆ ಕೆಮ್ಮು ಈಗ ಹೇಗುಂಟು?’ ಶುಗರ್, ಬಿಪಿಯವರು ಮೂರು ತಿಂಗಳಿಗೊಮ್ಮೆ ಬರುವಾಗ ‘ಹೋದ ಸಲ ಬಂದು ಹೋದ ಮೇಲೆ ಹೊಸದಾಗಿ ಎಂತೆಲ್ಲ ಆಯ್ತು?’ ಎಂದು ಕೇಳಬೇಕು.

ಹೊಂದದ ಪ್ರಶ್ನೆ ಕೇಳಿದರೆ ಏನಾಗುತ್ತದೆ ಎಂಬುದು ತಕ್ಷಣ ಕಾಣುತ್ತದೆ. ಮತ್ತೆ ಬರಲು ಹೇಳಿದವರಿಗೆ ‘ಎಂತ ತೊಂದರೆ?’ ಎಂದರೆ ಅವರ ಮುಖ ಸಪ್ಪಗಾಗುತ್ತದೆ: ‘ನೀವೇ ಬರ್ಲಿಕ್ಕೆ ಹೇಳಿದ್ದಲ್ವಾ ಡಾಕ್ಟ್ರೆ.’ ನೀವು ಫೈಲು ನೋಡಿಲ್ಲ ಎಂದು ಅವರಿಗೆ ಗೊತ್ತಾಯಿತು. ಹೊಸ ತೊಂದರೆ ತಂದವರಿಗೆ ‘ಕೆಮ್ಮು ಹೇಗುಂಟು?’ ಎಂದರೆ ಅಪಾಯ ಹೆಚ್ಚು. ಅವರು ಕೆಮ್ಮಿನ ಬಗ್ಗೆ ಮರ್ಯಾದೆಯಿಂದ ಉತ್ತರ ಕೊಡುತ್ತಾರೆ, ನೀವು ಅದರ ಮೇಲೆ ಇನ್ನೊಂದು ಕೇಳುತ್ತೀರಿ, ತಾವು ತಂದ ಮಾತು ಹೇಳುವ ಸಂದರ್ಭ ಬಾರದೆ ಅವರು ಎದ್ದು ಹೋಗುತ್ತಾರೆ. ಯಾಕೆ ಬಂದರೆಂದು ಫೈಲಿನಿಂದ ತಿಳಿಯದಿದ್ದರೆ ಊಹಿಸಬೇಡಿ. ‘ಇವತ್ತು ಬಂದದ್ದು ಎಂತಕ್ಕೆ ಹೇಳಿ’ ಎಂದು ಮೆಲುದನಿಯಲ್ಲಿ ನೇರ ಕೇಳಿದರೆ ಇಲ್ಲಿ ಯಾರೂ ಬೇಸರ ಮಾಡುವುದಿಲ್ಲ. ಅದೇ ಮಾತು ಮನೆಗೆ ಬಂದ ನೆಂಟರಿಗೆ ಹೇಳಿದರೆ ಒರಟಾಗುತ್ತದೆ, ಕ್ಲಿನಿಕ್ಕಿನಲ್ಲಿ ಅದೇ ಸರಿಯಾದದ್ದು.

ತುಳು ಕಲಿಯುವ ವಿದ್ಯಾರ್ಥಿಗಳು ಎಡವುವುದು ಇಲ್ಲೇ. ಮೊದಲು ಬಾಯಿಗೆ ಬರುವ ವಾಕ್ಯ ‘ಎಂಚ ಉಲ್ಲರ್?’ ಅಜ್ಜಿಯ ಮುಖ ಅರಳುತ್ತದೆ, ‘ಸೌಖ್ಯ ಮಗಾ’ ಎನ್ನುತ್ತಾರೆ. ಇದು ಬಾಗಿಲ ಮಾತು. ಇದನ್ನು ಕಲಿತದ್ದು ಒಳ್ಳೆಯದೇ, ಆದರೆ ಕಾಯಿಲೆ ಕೇಳುವುದಕ್ಕೆ ಇದು ಆಗದು. ಅದಕ್ಕೆ ‘ದಾದ ಆಂಡ್? ಪನ್ಲೆ’ (ಏನಾಯಿತು, ಹೇಳಿ) ಎಂಬುದನ್ನೂ ಜೊತೆಗೇ ಕಲಿಯಿರಿ, ಎರಡನ್ನೂ ಅವುಗಳ ಜಾಗದಲ್ಲಿ ಬಳಸಿ.

ಹಂತ 3: ಕೇಳಿದ ಮೇಲೆ ಸುಮ್ಮನಿರಿ

ಸರಿಯಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಜಾಗ ಕೊಡದಿದ್ದರೆ ಆ ಪ್ರಶ್ನೆಯೂ ಕುಶಲ ವಿಚಾರಿಸಿದ ಹಾಗೆಯೇ ಆಗಿಬಿಡುತ್ತದೆ. ಅಮೆರಿಕದಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡಿನಲ್ಲಿ ತಡೆದಿದ್ದರು. ಹಾಗಾದರೆ ತಡೆಯದೆ ಬಿಟ್ಟರೆ ಎಷ್ಟು ಹೊತ್ತು ಮಾತಾಡುತ್ತಾರೆ? ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನ ಆಸ್ಪತ್ರೆಯೊಂದರ ಹೊರರೋಗಿಗಳಲ್ಲಿ ಇದನ್ನೇ ಅಳೆದು 2002ರಲ್ಲಿ ಪ್ರಕಟಿಸಿದರು. ಸರಾಸರಿ 92 ಸೆಕೆಂಡು. ಹೆಚ್ಚಿನವರು ಎರಡು ನಿಮಿಷದೊಳಗೆ ತಾವಾಗಿಯೇ ನಿಲ್ಲಿಸಿದ್ದರು. ‘ಬಿಟ್ಟರೆ ಮುಗಿಸುವುದೇ ಇಲ್ಲ’ ಎಂಬ ಹೆದರಿಕೆಗೆ ಆಧಾರ ಕಡಿಮೆ.

ಹೊರಗೆ ನಲ್ವತ್ತು ಜನ ಕೂತಿರುವಾಗ ಒಂದೂವರೆ ನಿಮಿಷವೂ ಉದ್ದ ಎನಿಸುವುದು ನಿಜ. ಆದರೂ ಆ ಹೊತ್ತಿನಲ್ಲಿ ಮಾಡಬೇಕಾದದ್ದು ‘ಹ್ಞೂಂ’, ‘ಮತ್ತೆ?’ ಎನ್ನುವುದಷ್ಟೇ. ‘ಎಷ್ಟು ದಿನದಿಂದ?’, ‘ಜ್ವರ ಉಂಟಾ?’ ಎಂಬ ಸಣ್ಣ ಉತ್ತರದ ಪ್ರಶ್ನೆ ಹಾಕಿದ ಕೂಡಲೇ ರೋಗಿ ಹೇಳುವುದನ್ನು ನಿಲ್ಲಿಸಿ ಉತ್ತರ ಕೊಡತೊಡಗುತ್ತಾರೆ. ಆಮೇಲೆ ನೀವು ಕೇಳದ್ದು ಹೊರಗೆ ಬರುವುದಿಲ್ಲ. ಜೊತೆಗೆ ಬಂದ ಮಗನೋ ಸೊಸೆಯೋ ಉತ್ತರಿಸಲು ಹೊರಟರೆ ‘ಮೊದಲು ಅಮ್ಮ ಹೇಳಲಿ, ಆಮೇಲೆ ನೀವು ಹೇಳಿ’ ಎನ್ನಿ. ಆ ‘ಆಮೇಲೆ’ಯನ್ನು ನಿಜಕ್ಕೂ ಕೊಡಿ. ರಾತ್ರಿ ಏದುಸಿರು ಕೇಳಿಸಿಕೊಂಡವರು ಅವರೇ ಇರಬಹುದು.

ಒಂದು ಭೇಟಿ, ಎರಡು ರೀತಿ

ಕಾಪು ಕಡೆಯ ಅರುವತ್ತು ದಾಟಿದ ಹೆಂಗಸೊಬ್ಬರು ಶುಗರಿಗೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ, ಮೂರು ತಿಂಗಳ ತಪಾಸಣೆಗೆ ಬಂದಿದ್ದಾರೆ ಎಂದಿಟ್ಟುಕೊಳ್ಳಿ. ಮೊದಲ ರೀತಿ ಹೀಗೆ ನಡೆಯುತ್ತದೆ.

ಡಾಕ್ಟ್ರು ರಿಪೋರ್ಟು ನೋಡುತ್ತಾ: ‘ಹೇಗಿದ್ದೀರಮ್ಮ?’
‘ಹುಷಾರು ಡಾಕ್ಟ್ರೆ.’
‘ಮಾತ್ರೆ ಬಿಡದೆ ತಗೊಳ್ತೀರಲ್ಲ?’
‘ಹೌದು.’
‘ಶುಗರ್ ಸ್ವಲ್ಪ ಮೇಲೆ ಉಂಟು. ಅನ್ನ ಕಡಿಮೆ ಮಾಡಿ. ಮತ್ತೇನೂ ಇಲ್ಲ ಅಲ್ವಾ?’
‘ಇಲ್ಲ.’

ಚೀಟಿ ಕೈಗೆ ಬಂತು. ಅವರು ಎದ್ದು ಬಾಗಿಲ ಹಿಡಿಕೆಗೆ ಕೈ ಹಾಕಿ ತಿರುಗುತ್ತಾರೆ: ‘ಡಾಕ್ಟ್ರೆ, ಮತ್ತೆ ಒಂದು... ತೋಟದಿಂದ ಮೇಲೆ ಹತ್ತಿ ಬರುವಾಗ ಎದೆ ಬಿಗಿದ ಹಾಗೆ ಆಗ್ತದೆ. ನಿಂತರೆ ಸರಿಯಾಗ್ತದೆ. ಗ್ಯಾಸ್ ಇರಬೇಕು.’

ಶ್ರಮಪಟ್ಟಾಗ ಬಂದು ನಿಂತಾಗ ಹೋಗುವ ಎದೆಬಿಗಿತ ಹೃದಯದ ರಕ್ತನಾಳದ ತೊಂದರೆಯ ಗುರುತಾಗಿರಬಹುದು. ಶುಗರ್, ಬಿಪಿ ಇರುವವರಲ್ಲಿ ಅದನ್ನು ಗ್ಯಾಸ್ ಎಂದು ಬಿಡುವಂತಿಲ್ಲ. ಬೆಳಗಿನಿಂದ ಅವರ ಮನಸ್ಸಿನಲ್ಲಿ ಇದ್ದದ್ದು ಇದೇ. ಅದನ್ನು ಹೇಳುವ ಜಾಗ ಮಾತ್ರ ಸಿಕ್ಕಿರಲಿಲ್ಲ. ಅವರು ತಿರುಗದೆ ಹೋಗಿದ್ದರೆ ‘ಹುಷಾರು’ ಎಂಬುದಷ್ಟೇ ಫೈಲಿನಲ್ಲಿ ಉಳಿಯುತ್ತಿತ್ತು.

ಎರಡನೆಯ ರೀತಿಯಲ್ಲಿ ಡಾಕ್ಟ್ರು ರಿಪೋರ್ಟನ್ನು ಅವರು ಬರುವ ಮೊದಲೇ ನೋಡಿ ಮುಗಿಸಿದ್ದಾರೆ.

‘ಬನ್ನಿ ಅಮ್ಮ, ಕೂತುಕೊಳ್ಳಿ. ಬಸ್ಸಲ್ಲಿ ರಶ್ ಇತ್ತಾ?’
‘ಇತ್ತು, ಎಂತ ಮಾಡುವುದು.’
(ರಿಪೋರ್ಟು ಪಕ್ಕಕ್ಕೆ ಇಟ್ಟು, ಅವರ ಕಡೆ ತಿರುಗಿ, ತುಸು ತಡೆದು) ‘ಹಾಂ, ಹೇಳಿ. ಹೋದ ಸಲ ಬಂದು ಹೋದ ಮೇಲೆ ಹೊಸದಾಗಿ ಎಂತೆಲ್ಲ ಆಯ್ತು?’
‘ಹಾಗೆಂತ ಇಲ್ಲ... ಸ್ವಲ್ಪ ಕಾಲು ಜೋಮು ಹಿಡೀತದೆ ರಾತ್ರಿ.’
‘ಹ್ಞೂಂ.’
‘ಮತ್ತೆ ಈ ಹತ್ತಿ ಬರುವಾಗ ಒಂದು ಬಿಗಿದ ಹಾಗೆ.’
‘ಬಿಗಿದ ಹಾಗೆ?’
‘ಎದೆಯಲ್ಲಿ.’

ಎದೆಯ ಮಾತು ಎರಡನೆಯದಾಗಿ ಬಂತು ಎಂಬುದನ್ನು ಗಮನಿಸಿ. ‘ಹಾಗೆಂತ ಇಲ್ಲ’ ಎಂದಾಗಲೇ ಡಾಕ್ಟ್ರು ಮುಂದೆ ಹೋಗಿದ್ದರೆ ಏನೂ ಬರುತ್ತಿರಲಿಲ್ಲ. ‘ಜೋಮು’ ಎಂದಾಗ ಅದನ್ನೇ ಹಿಡಿದು ಪ್ರಶ್ನೆ ಶುರು ಮಾಡಿದ್ದರೂ ಬರುತ್ತಿರಲಿಲ್ಲ. ಜನ ದೊಡ್ಡದನ್ನು ಮೊದಲು ಹೇಳಲೇಬೇಕೆಂದಿಲ್ಲ. ಎಷ್ಟೋ ಸಲ ಸಣ್ಣದನ್ನು ಮುಂದಿಟ್ಟು ನೀವು ಕೇಳುತ್ತೀರೋ ಇಲ್ಲವೋ ನೋಡುತ್ತಾರೆ.

‘ಮತ್ತೇನೂ ಇಲ್ಲ ಅಲ್ವಾ?’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಅದು ಕೇಳಿದಂತೆ ಕಂಡರೂ ‘ಇಲ್ಲ’ ಎಂಬ ಉತ್ತರವನ್ನು ಬಾಯಿಗೆ ಇಟ್ಟು ಕೇಳುವ ಮಾತು. ಜಾನ್ ಹೆರಿಟೇಜ್ ಮತ್ತು ಸಂಗಡಿಗರು ಅಮೆರಿಕದಲ್ಲಿ 20 ವೈದ್ಯರ ಜೊತೆ ನಡೆಸಿ 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇನ್ನೇನೋ ಉಂಟು ಎಂದು ಒಪ್ಪಿಕೊಂಡಂತೆ ಕೇಳಿದಾಗ ಹೇಳದೆ ಉಳಿದ ತೊಂದರೆಗಳು ಬಹಳ ಕಡಿಮೆಯಾದವು, ಭೇಟಿಯ ಅವಧಿ ಹೆಚ್ಚಾಗಲಿಲ್ಲ. ಇಲ್ಲ ಎನ್ನುವ ಕಡೆಗೆ ವಾಲಿದ ಪ್ರಶ್ನೆಯಿಂದ ಅಂಥ ಪ್ರಯೋಜನ ಕಾಣಲಿಲ್ಲ. ಅದು ಇಂಗ್ಲಿಷ್ ಮಾತುಕತೆಯ ಪ್ರಯೋಗ. ನಮ್ಮಲ್ಲಿ ಅದೇ ಕೆಲಸಕ್ಕೆ ‘ಇನ್ನು ಬೇರೆ ಎಂತ ಹೇಳ್ಲಿಕ್ಕುಂಟು?’ ಎಂಬುದು ಹತ್ತಿರದ ಮಾತು. ಅದನ್ನು ಚೀಟಿ ಬರೆದ ಮೇಲೆ ಕೇಳಬೇಡಿ, ಬರೆಯುವ ಮೊದಲು ಕೇಳಿ. ಚೀಟಿ ಹರಿದು ಕೊಟ್ಟ ಮೇಲೆ ಯಾವ ಪ್ರಶ್ನೆಯಾದರೂ ಬೀಳ್ಕೊಡುಗೆಯಂತೆಯೇ ಕೇಳಿಸುತ್ತದೆ.

ಹಂತ 4: ವಾರ್ಡಿನಲ್ಲಿ ‘ಊಟ ಆಯ್ತಾ?’

ಇದಕ್ಕೆ ಬೇರೆಯೇ ಎಚ್ಚರ ಬೇಕು. ನಮ್ಮ ಕಡೆ ‘ಊಟ ಆಯ್ತಾ?’, ತುಳುವಿನಲ್ಲಿ ‘ವನಸ್ ಆಂಡಾ?’ ಅಪ್ಪಟ ಕುಶಲ ಪ್ರಶ್ನೆ. ರಸ್ತೆಯಲ್ಲಿ ಕೇಳಿದರೆ ಉಂಡಿರಲಿ ಬಿಡಲಿ ‘ಆಯ್ತು, ನಿಮ್ಮದು?’ ಎನ್ನುವುದೇ ಮರ್ಯಾದೆ. ಇಲ್ಲ ಎಂದರೆ ಎದುರಿನವರು ಊಟಕ್ಕೆ ಕರೆಯಬೇಕಾಗುತ್ತದೆ ಎಂಬ ಸಂಕೋಚವೂ ಇದೆ. ಈ ಅಭ್ಯಾಸ ಹೊತ್ತುಕೊಂಡೇ ಜನ ಆಸ್ಪತ್ರೆಯ ಹಾಸಿಗೆಗೆ ಬರುತ್ತಾರೆ. ಅಲ್ಲಿ ಅದೇ ಪ್ರಶ್ನೆಗೆ ಔಷಧದ ಲೆಕ್ಕ ಅಂಟಿಕೊಂಡಿರುತ್ತದೆ.

ಊಟದ ಲೆಕ್ಕಕ್ಕೆ ಹೊಂದಿಸಿ ಇನ್ಸುಲಿನ್ ತೆಗೆದುಕೊಳ್ಳುವವರನ್ನು ನೋಡಿ. ಟ್ರೇ ಹಿಡಿದು ಬಂದ ಸಿಸ್ಟರ್ ‘ಅಜ್ಜಿ, ಊಟ ಆಯ್ತಾ?’ ಎನ್ನುತ್ತಾರೆ, ಅಜ್ಜಿ ಅಭ್ಯಾಸಬಲದಿಂದ ‘ಆಯ್ತು ಮಗಳೇ’ ಎನ್ನುತ್ತಾರೆ. ಗಂಜಿಯ ಬಟ್ಟಲು ಮುಚ್ಚಿಯೇ ಇದೆ, ವಾಕರಿಕೆ ಬಂದು ಅವರು ತಿಂದಿಲ್ಲ. ಉಂಡಿದ್ದಾರೆಂಬ ಲೆಕ್ಕದಲ್ಲಿ ಇನ್ಸುಲಿನ್ ಕೊಟ್ಟರೆ ಸಕ್ಕರೆ ಕುಸಿಯುತ್ತದೆ: ಬೆವರು, ನಡುಕ, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು.

ಇನ್ನೊಂದು ಕಡೆ, ಅರಿವಳಿಕೆ ಕೊಡುವ ಮೊದಲು ಹೊಟ್ಟೆ ಖಾಲಿ ಇರಬೇಕು. ಸಾಮಾನ್ಯ ನಿಯಮದಂತೆ ಹಗುರ ಆಹಾರ ತಿಂದು 6 ಗಂಟೆ, ಎಣ್ಣೆಯಲ್ಲಿ ಕರಿದದ್ದೋ ಮಾಂಸವೋ ತಿಂದಿದ್ದರೆ 8 ಗಂಟೆ, ಬರೀ ನೀರಾದರೆ 2 ಗಂಟೆ ಕಳೆದಿರಬೇಕು. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದೆಂಬುದೇ ಇದಕ್ಕೆ ಕಾರಣ. ಇಲ್ಲಿ ‘ಊಟ ಆಯ್ತಾ?’ ಎಂದು ಕೇಳಿ ‘ಇಲ್ಲ’ ಎಂಬ ಉತ್ತರ ಬಂದರೂ ನಂಬುವಂತಿಲ್ಲ. ನಮ್ಮಲ್ಲಿ ಊಟ ಎಂದರೆ ಅನ್ನವೋ ಗಂಜಿಯೋ. ಬೆಳಗ್ಗೆ ಎರಡು ನೀರುದೋಸೆ ತಿಂದು ಚಾ ಕುಡಿದವರು ‘ಊಟ ಮಾಡಿಲ್ಲ’ ಎಂದರೆ ಅದು ಅವರ ಮಟ್ಟಿಗೆ ನಿಜವೇ. ಹಾಲು ಹಾಕಿದ ಚಾ ಕೂಡ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಆಹಾರದ ಲೆಕ್ಕಕ್ಕೆ ಬರುತ್ತದೆ.

ಆದ್ದರಿಂದ ಔಷಧ, ರಕ್ತಪರೀಕ್ಷೆ, ಆಪರೇಶನ್ ಯಾವುದಕ್ಕಾದರೂ ಸಂಬಂಧಪಟ್ಟಾಗ ‘ಊಟ ಆಯ್ತಾ?’ ಎಂಬ ವಾಕ್ಯವನ್ನು ಬಿಟ್ಟುಬಿಡಿ. ಕೇಳುವ ಕಾರಣ ಮೊದಲು ಹೇಳಿ, ಆಮೇಲೆ ಹೌದು–ಇಲ್ಲ ಎಂದು ಉತ್ತರಿಸಲಾಗದ ಪ್ರಶ್ನೆ ಕೇಳಿ: ‘ಅಜ್ಜಿ, ಇಂಜೆಕ್ಷನ್ ಕೊಡ್ಲಿಕ್ಕೆ ಕೇಳುವುದು. ಕೊನೆಗೆ ಬಾಯಿಗೆ ಹಾಕಿದ್ದು ಎಂತ? ಎಷ್ಟು ಗಂಟೆಗೆ?’ ಉತ್ತರ ಬಂದ ಮೇಲೆ ಚಾ, ಬಿಸ್ಕತ್ತು, ಎಳನೀರು, ಮಾತ್ರೆಯ ಜೊತೆ ನೀರು ಎಂದು ಒಂದೊಂದಾಗಿ ಹೆಸರು ಹೇಳಿ ಕೇಳಿ. ಬಟ್ಟಲನ್ನೂ ಒಮ್ಮೆ ನೋಡಿ.

ಬರೀ ವಿಚಾರಿಸಲು ಹಾಸಿಗೆಯ ಬಳಿ ಹೋದಾಗ ಇದರ ತಿರುವುಮುರುವು. ಕೈಯಲ್ಲಿ ಟ್ರೇ, ಫೈಲು ಹಿಡಿಯಬೇಡಿ. ಟ್ರೇ ಕಂಡರೆ ಎಷ್ಟೇ ಸಿಹಿಯಾಗಿ ಕೇಳಿದರೂ ಚುಚ್ಚಲು ಬಂದರೆಂದೇ ರೋಗಿ ತಿಳಿಯುತ್ತಾರೆ. ವಿಚಾರಿಸಲು ಬಂದವರು ಹೋಗುವಾಗ ‘ಹಾಂ, ಅಂದ ಹಾಗೆ ಒಂದು ಬ್ಲಡ್ ತೆಗೀಬೇಕು’ ಎಂದರೆ ಮುಂದಿನ ಸಲ ನಿಮ್ಮ ಕುಶಲದ ಮಾತಿಗೆ ಅವರು ಮುಖ ತಿರುಗಿಸಿ ಮಲಗುತ್ತಾರೆ. ಕೆಲಸ ಇದ್ದರೆ ಕೆಲಸವನ್ನೇ ಮೊದಲು ಹೇಳಿ, ಮುಗಿಸಿ, ಆಮೇಲೆ ಎರಡು ನಿಮಿಷ ಕೂರಿ.

ಫೋನಿನಲ್ಲಿ

ಆಸ್ಪತ್ರೆಯಿಂದ ಹೋಗುವ ಕರೆಯಲ್ಲಿ ಕುಶಲ ಉದ್ದವಾದಷ್ಟೂ ಮನೆಯವರಿಗೆ ಗಾಬರಿ. ಹೆಸರು, ಆಸ್ಪತ್ರೆ, ಕರೆಯ ಕಾರಣ ಈ ಮೂರು ಮೊದಲ ಉಸಿರಿನಲ್ಲೇ ಬರಲಿ: ‘ಡಿಸ್ಚಾರ್ಜ್ ಆಗಿ ಮೂರು ದಿನ ಆಯ್ತಲ್ಲ, ಹೇಗಿದ್ದಾರೆ ಕೇಳ್ಲಿಕ್ಕೆ ಮಾಡಿದ್ದು. ಬೇರೆ ಎಂತ ಇಲ್ಲ.’ ಕೆಲಸವಿದ್ದರೆ ‘ರಿಪೋರ್ಟಿನ ವಿಷಯಕ್ಕೆ ಮಾಡಿದ್ದು, ನಾಳೆ ಒಮ್ಮೆ ಬರಬೇಕು’ ಎಂದು ನೇರ ಹೇಳಿ. ವಿಚಾರಿಸುವ ಕರೆ ಎಂದು ಹೇಳಿ ಬಾಕಿ ಬಿಲ್ಲಿನ ಮಾತು ತೆಗೆಯುವುದು ಅನ್ಯಾಯ. ಅದಕ್ಕೆ ಬೇರೆ ಕರೆ ಮಾಡಬೇಕು. ಇನ್ನು 108ಕ್ಕೆ ನೀವು ಕರೆ ಮಾಡುವಾಗ ನಮಸ್ಕಾರವೂ ಬೇಡ. ಏನಾಗಿದೆ, ಎಲ್ಲಿ, ಎಷ್ಟು ಜನರಿಗೆ ಎಂಬುದನ್ನೇ ಮೊದಲು ಹೇಳಿ.

ರೋಗಿಯಾಗಿ ಹೋದಾಗ

ಬಾಗಿಲಲ್ಲಿ ‘ಹೇಗಿದ್ದೀರಿ?’ ಎಂದರೆ ‘ನಮಸ್ಕಾರ ಡಾಕ್ಟ್ರೆ, ಹೇಳ್ತೇನೆ’ ಎಂದು ಕೂತುಕೊಳ್ಳಿ. ಅಭ್ಯಾಸದಿಂದ ‘ಹುಷಾರು’ ಬಾಯಿಂದ ಬಂದುಬಿಟ್ಟರೂ ಚಿಂತೆ ಬೇಡ. ಕೂತ ಕೂಡಲೇ ಎಷ್ಟು ವಿಷಯ ಉಂಟೆಂದು ಮೊದಲು ಹೇಳಿ: ‘ಡಾಕ್ಟ್ರೆ, ಎರಡು ವಿಷಯ ಹೇಳ್ಲಿಕ್ಕುಂಟು. ಒಂದು ಎದೆ ಬಿಗಿಯುವುದು, ಇನ್ನೊಂದು ಕಾಲಿನದ್ದು.’ ಸಂಖ್ಯೆ ಹೇಳಿದರೆ ಮೊದಲನೆಯದು ಮುಗಿದ ಮೇಲೆ ಎರಡನೆಯದನ್ನು ಅವರೇ ಕೇಳುತ್ತಾರೆ. ಹೆಚ್ಚು ಹೆದರಿಕೆ ಹುಟ್ಟಿಸುವುದನ್ನೇ ಮೊದಲು ಹೇಳಿ, ‘ಗ್ಯಾಸ್ ಇರಬೇಕು’ ಎಂಬ ನಿಮ್ಮ ಅಂದಾಜನ್ನು ಕೊನೆಗೆ ಇಟ್ಟುಕೊಳ್ಳಿ. ಅವರು ಫೈಲಿನಿಂದ ತಲೆ ಎತ್ತಿರದಿದ್ದರೆ ಎತ್ತುವ ತನಕ ಕಾಯಿರಿ. ಎದ್ದು ಬಾಗಿಲಿಗೆ ಹೋದ ಮೇಲೆ ನೆನಪಾದರೂ ತಿರುಗಿ ಬಂದು ಮತ್ತೆ ಕೂತೇ ಹೇಳಿ.